ಆರು ಗೆಲುವು, ನಾಲ್ಕು ಸೋಲು: ಮುಖಾಮುಖಿ ದಾಖಲೆಯನ್ನೂ ಫಾರ್ಮ್ ಪಟ್ಟಿಯನ್ನೂ ಓದುವ ಬಗೆ

2024ರ ಅಕ್ಟೋಬರ್ ಮಧ್ಯದಲ್ಲಿ ನ್ಯೂಜಿಲೆಂಡ್ ತಂಡ ಮೂರು ಟೆಸ್ಟ್‌ಗಳ ಸರಣಿಗಾಗಿ ಬೆಂಗಳೂರಿಗೆ ಬಂದಿಳಿದಾಗ, ಕ್ರಿಕೆಟ್ ಓದುಗರ ಮುಂದೆ ಎರಡು ಪಟ್ಟಿಗಳಿದ್ದವು. ಮೊದಲನೆಯದು ಮುಖಾಮುಖಿ ದಾಖಲೆ. ಎರಡೂ ತಂಡಗಳು ಅದುವರೆಗೆ 62 ಟೆಸ್ಟ್ ಆಡಿದ್ದು, ಭಾರತ 22ರಲ್ಲಿ, ನ್ಯೂಜಿಲೆಂಡ್ 13ರಲ್ಲಿ ಗೆದ್ದಿತ್ತು. ಉಳಿದ 27 ಡ್ರಾ ಆಗಿದ್ದವು. ಎರಡನೆಯದು ಇತ್ತೀಚಿನ ಫಾರ್ಮ್ ಪಟ್ಟಿ. ಗೆಲುವಿಗೆ ‘ಗೆ’, ಸೋಲಿಗೆ ‘ಸೋ’ ಎಂದು ಬರೆದುಕೊಂಡರೆ, ಹಳೆಯದರಿಂದ ಹೊಸದರ ಕಡೆಗೆ ಕೊನೆಯ ಆರು ಟೆಸ್ಟ್‌ಗಳು ಹೀಗೆ ಕಾಣುತ್ತಿದ್ದವು:

ಭಾರತ: ಗೆ ಗೆ ಗೆ ಗೆ ಗೆ ಗೆ
ನ್ಯೂಜಿಲೆಂಡ್: ಗೆ ಗೆ ಸೋ ಸೋ ಸೋ ಸೋ

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಸರಣಿಯ ಫಲಿತಾಂಶ ಆಗಲೇ ತೀರ್ಮಾನವಾದಂತೆ ತೋರಿದ್ದರೆ ಅದು ಸಹಜ. ಸರಣಿ ಮುಗಿದಾಗ ನ್ಯೂಜಿಲೆಂಡ್ 3–0ರಿಂದ ಗೆದ್ದಿತ್ತು. ಈ ಲೇಖನದ ಉದ್ದೇಶ ಆ ಫಲಿತಾಂಶವನ್ನು ಮೊದಲೇ ಊಹಿಸಬಹುದಿತ್ತು ಎಂದು ವಾದಿಸುವುದಲ್ಲ. ಅಂಥ ವಾದ ಮಾಡುವವರನ್ನು ನಂಬಬಾರದು ಎಂಬುದೇ ನನ್ನ ನಿಲುವು. ಆದರೆ ಈ ಎರಡು ಪಟ್ಟಿಗಳು ಹೇಳುವಂತೆ ತೋರುತ್ತಿದ್ದ ಮಾತಿಗೂ, ಅವುಗಳಲ್ಲಿ ನಿಜವಾಗಿ ಅಡಗಿದ್ದ ಮಾಹಿತಿಗೂ ಬಹಳ ಅಂತರವಿತ್ತು. ಆ ಅಂತರವನ್ನು ಕಾಗದ, ಪೆನ್ನು ಮತ್ತು ಹಳೆಯ ಸ್ಕೋರ್‌ಕಾರ್ಡ್‌ಗಳ ನೆರವಿನಿಂದ ಯಾರಾದರೂ ಅಳೆಯಬಹುದು. ಇದೇ ಸರಣಿಯನ್ನು ಉದಾಹರಣೆಯಾಗಿಟ್ಟುಕೊಂಡು ಆ ಕೆಲಸವನ್ನು ಹಂತ ಹಂತವಾಗಿ ಮಾಡೋಣ.

ಮೊದಲ ಹಂತ: ಮುಖಾಮುಖಿ ದಾಖಲೆಯನ್ನು ಸ್ಥಳದ ಪ್ರಕಾರ ಒಡೆಯಿರಿ

22–13 ಎಂಬುದು ಒಂದೇ ಸಂಖ್ಯೆಯಂತೆ ಕಂಡರೂ ಅದು ಮೂರು ಬೇರೆ ಬೇರೆ ರಾಶಿಗಳನ್ನು ಬೆರೆಸಿದ ಮೊತ್ತ. ಭಾರತದ ನೆಲದಲ್ಲಿ ನಡೆದ 36 ಟೆಸ್ಟ್‌ಗಳಲ್ಲಿ ಭಾರತ 17 ಗೆದ್ದು, 2 ಸೋತು, 17 ಡ್ರಾ ಮಾಡಿಕೊಂಡಿತ್ತು. ನ್ಯೂಜಿಲೆಂಡ್ ನೆಲದ 25 ಟೆಸ್ಟ್‌ಗಳಲ್ಲಿ ಆತಿಥೇಯರು 10 ಗೆದ್ದು 5 ಸೋತಿದ್ದರು, 10 ಡ್ರಾ ಆಗಿದ್ದವು. ಇನ್ನುಳಿದ ಒಂದೇ ಒಂದು ಪಂದ್ಯ 2021ರ ಜೂನ್‌ನಲ್ಲಿ ಸೌತಾಂಪ್ಟನ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್. ಅದನ್ನು ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತ್ತು.

ಹೀಗೆ ಒಡೆದ ಕೂಡಲೇ ಎರಡು ಸಂಗತಿಗಳು ಹೊರಬರುತ್ತವೆ. ಒಟ್ಟು ದಾಖಲೆಯಲ್ಲಿ ಭಾರತಕ್ಕಿರುವ ಮುನ್ನಡೆಯ ಒಂದು ಪಾಲು, ಹೆಚ್ಚು ಪಂದ್ಯಗಳು ಭಾರತದಲ್ಲೇ ನಡೆದವು ಎಂಬ ಕಾರಣಕ್ಕೆ ಹುಟ್ಟಿಕೊಂಡದ್ದು. ಯಾರು ಯಾರ ಮನೆಗೆ ಎಷ್ಟು ಸಲ ಹೋದರು ಎಂಬುದು ಆಡಳಿತ ಮಂಡಳಿಗಳ ವೇಳಾಪಟ್ಟಿಯ ವಿಷಯವೇ ಹೊರತು ಆಟದ ಬಲದ ವಿಷಯವಲ್ಲ. ಇನ್ನೊಂದು ಸಂಗತಿ ಇದಕ್ಕೆ ವಿರುದ್ಧ ದಿಕ್ಕಿನದು: ಬೆಂಗಳೂರು, ಪುಣೆ ಮತ್ತು ಮುಂಬೈಯಲ್ಲಿ ನಡೆಯಲಿರುವ ಸರಣಿಗೆ ಸಂಬಂಧಪಟ್ಟ ಸಾಲನ್ನಷ್ಟೇ ತೆಗೆದುಕೊಂಡರೆ ಭಾರತದ ಸ್ಥಾನ ಒಟ್ಟು ದಾಖಲೆ ತೋರಿಸುವುದಕ್ಕಿಂತಲೂ ಭದ್ರವಾಗಿತ್ತು. ನ್ಯೂಜಿಲೆಂಡ್ ಇಲ್ಲಿ ಗೆದ್ದಿದ್ದು 1969ರಲ್ಲಿ ನಾಗಪುರದಲ್ಲಿ ಒಮ್ಮೆ, 1988ರಲ್ಲಿ ಮುಂಬೈಯಲ್ಲಿ ಇನ್ನೊಮ್ಮೆ, ಅಷ್ಟೇ. ವಿಮರ್ಶೆಯಿಂದ ಓದುವುದೆಂದರೆ ಮೇಲುಗೈ ಇರುವ ತಂಡವನ್ನು ಕೆಳಗಿಳಿಸುವುದು ಎಂದು ತಿಳಿಯಬಾರದು. ಒಡೆದಾಗ ಸಂಖ್ಯೆ ಯಾವ ಕಡೆಗೆ ವಾಲುತ್ತದೋ ಆ ಕಡೆಗೆ ವಾಲಲು ಬಿಡಬೇಕು.

ಎರಡನೆಯ ಹಂತ: ಆ ದಾಖಲೆ ಯಾರದ್ದು ಎಂದು ಕೇಳಿ

ಭಾರತ ಮತ್ತು ನ್ಯೂಜಿಲೆಂಡ್ ಮೊದಲು ಎದುರಾದದ್ದು 1955ರಲ್ಲಿ, ಹೈದರಾಬಾದಿನಲ್ಲಿ. ಆಗ ನ್ಯೂಜಿಲೆಂಡ್ ಟೆಸ್ಟ್ ಆಡಲಾರಂಭಿಸಿ ಇಪ್ಪತ್ತೈದು ವರ್ಷ ಕಳೆದಿದ್ದರೂ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಅದರ ಮೊದಲ ಗೆಲುವು ಬಂದದ್ದು 1956ರಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಅಂದರೆ ಮುಖಾಮುಖಿ ದಾಖಲೆಯ ಆರಂಭದ ಗೆಲುವುಗಳು ಆ ಕಾಲದಲ್ಲಿ ಯಾರನ್ನೂ ಸೋಲಿಸದಿದ್ದ ತಂಡವೊಂದರ ವಿರುದ್ಧ ಬಂದವು. ದಾಖಲೆಯಲ್ಲಿ ಆ ಗೆಲುವಿಗೂ 2021ರಲ್ಲಿ ವಾಂಖೆಡೆಯಲ್ಲಿ ವಿಶ್ವ ಚಾಂಪಿಯನ್ ತಂಡವನ್ನು 372 ರನ್‌ಗಳಿಂದ ಸೋಲಿಸಿದ್ದಕ್ಕೂ ಒಂದೇ ಬೆಲೆ: ತಲಾ ಒಂದು.

ಆದ್ದರಿಂದ ಕಾಲದ ಪ್ರಕಾರವೂ ಒಡೆಯಬೇಕು. 2020ರಿಂದ ಈಚಿನ ಐದು ಪಂದ್ಯಗಳನ್ನು ಮಾತ್ರ ತೆಗೆದುಕೊಂಡರೆ ಚಿತ್ರ ತಲೆಕೆಳಗಾಗುತ್ತದೆ. ನ್ಯೂಜಿಲೆಂಡ್ ತವರಿನಲ್ಲಿ ಎರಡು ಮತ್ತು ಸೌತಾಂಪ್ಟನ್‌ನಲ್ಲಿ ಒಂದು ಗೆದ್ದಿತ್ತು, ಕಾನ್ಪುರದ ಪಂದ್ಯ ಡ್ರಾ ಆಗಿತ್ತು, ಭಾರತ ಗೆದ್ದದ್ದು ಮುಂಬೈಯ ಆ ಒಂದನ್ನು ಮಾತ್ರ. 22–13 ಈಗ 1–3 ಆಯಿತು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಹಳೆಯ ಸಂಖ್ಯೆ ಸುಳ್ಳು, ಹೊಸ ಸಂಖ್ಯೆಯೇ ನಿಜ ಎಂದು ಅವರು ನಿರ್ಧರಿಸಿಬಿಡುತ್ತಾರೆ. ಆದರೆ ಆ ಐದರಲ್ಲಿ ಭಾರತದಲ್ಲಿ ನಡೆದದ್ದು ಎರಡೇ, ಮತ್ತು ಆ ಎರಡರಲ್ಲಿ ಭಾರತ ಸೋತಿರಲಿಲ್ಲ. ಆಟಗಾರರ ಪಟ್ಟಿಯನ್ನು ನೋಡಿದರೆ ಸ್ಥಿತಿ ಇನ್ನೂ ತೆಳುವಾಗುತ್ತದೆ. ಸೌತಾಂಪ್ಟನ್ ಫೈನಲ್ ಆಡಿದ ಭಾರತದ ಹನ್ನೊಂದು ಮಂದಿಯಲ್ಲಿ ಬೆಂಗಳೂರಿನ ಟೆಸ್ಟ್‌ನಲ್ಲಿ ಕಣಕ್ಕಿಳಿದವರು ಆರು ಮಂದಿ: ರೋಹಿತ್, ಕೊಹ್ಲಿ, ಪಂತ್, ಜಡೇಜ, ಅಶ್ವಿನ್ ಮತ್ತು ಬೂಮ್ರಾ. ನ್ಯೂಜಿಲೆಂಡ್ ಕಡೆಯಿಂದ ಲೇಥಮ್, ಕಾನ್ವೇ ಮತ್ತು ಸೌದಿ, ಮೂವರೇ. ವಿಲಿಯಮ್ಸನ್ ಗಾಯದಿಂದಾಗಿ ಇಡೀ ಸರಣಿಯಲ್ಲಿ ಆಡಲಿಲ್ಲ. ತಂಡದ ಹೆಸರು ಅದೇ ಇರುತ್ತದೆ, ಟೋಪಿಯ ಬಣ್ಣ ಅದೇ ಇರುತ್ತದೆ. ಒಳಗಿರುವವರು ಬದಲಾಗುತ್ತಲೇ ಇರುತ್ತಾರೆ. ಮೂರು ವರ್ಷದ ಹಿಂದಿನ ಫಲಿತಾಂಶದ ಗತಿಯೇ ಹೀಗಾದರೆ ಅರವತ್ತೊಂಬತ್ತು ವರ್ಷಗಳ ಮೊತ್ತದ ಬಗ್ಗೆ ಹೇಳಬೇಕಾದ್ದಿಲ್ಲ.

ಇನ್ನೊಂದು ಎಚ್ಚರಿಕೆ. ದಾಖಲೆಯನ್ನು ಎಲ್ಲಿಂದ ಕತ್ತರಿಸಬೇಕು ಎಂಬುದನ್ನು ಫಲಿತಾಂಶಗಳನ್ನು ನೋಡುವ ಮೊದಲೇ ನಿರ್ಧರಿಸಿ, ಕಾಗದದ ಮೇಲೆ ಬರೆದಿಡಬೇಕು. ನೋಡಿದ ಮೇಲೆ ಕತ್ತರಿಸಲು ಹೊರಟರೆ ನಮಗೆ ಬೇಕಾದ ಉತ್ತರ ಸಿಗುವ ತನಕ ಕತ್ತರಿಸುತ್ತಲೇ ಇರುತ್ತೇವೆ, ಮತ್ತು ಸಾಕಷ್ಟು ಸಣ್ಣದಾಗಿ ಕತ್ತರಿಸಿದರೆ ಯಾವ ಉತ್ತರವಾದರೂ ಸಿಕ್ಕೇ ಸಿಗುತ್ತದೆ. ಟಿವಿ ಪರದೆಯ ಮೇಲೆ ಬರುವ ‘ಈ ಮೈದಾನದಲ್ಲಿ, ಟಾಸ್ ಸೋತಾಗ, ಕಳೆದ ನಾಲ್ಕು ಪಂದ್ಯಗಳಲ್ಲಿ’ ಎಂಬ ಬಗೆಯ ಅಂಕಿಗಳನ್ನು ನಾನು ಈ ಕಾರಣಕ್ಕಾಗಿಯೇ ಓದುವುದನ್ನು ಬಿಟ್ಟಿದ್ದೇನೆ. ಒಟ್ಟಿನಲ್ಲಿ ಮುಖಾಮುಖಿ ದಾಖಲೆಯಿಂದ ನಾನು ಉಳಿಸಿಕೊಳ್ಳುವುದು ಸ್ಥಳದ ಬಗೆಗಿನ ಒಂದು ಸೂಚನೆಯನ್ನು ಮಾತ್ರ: ಭಾರತದಲ್ಲಿ ಗೆಲ್ಲುವುದು ನ್ಯೂಜಿಲೆಂಡ್‌ಗೆ ಬಹಳ ಕಷ್ಟವಾಗಿತ್ತು. ಅದು ಇತರ ತಂಡಗಳಿಗೂ ಕಷ್ಟವೇ ಆಗಿತ್ತಾದ್ದರಿಂದ, ಆ ಸೂಚನೆಯನ್ನು ಪಡೆಯಲು ಮುಖಾಮುಖಿ ದಾಖಲೆಯೇ ಬೇಕೆಂದಿರಲಿಲ್ಲ.

ಮೂರನೆಯ ಹಂತ: ಪ್ರತಿ ಅಕ್ಷರದ ಪಕ್ಕದಲ್ಲಿ ಎದುರಾಳಿಯನ್ನೂ ಸ್ಥಳವನ್ನೂ ಬರೆಯಿರಿ

ಈಗ ಫಾರ್ಮ್ ಪಟ್ಟಿಗೆ ಬರೋಣ. ‘ಗೆ’ ಎಂಬ ಅಕ್ಷರದಲ್ಲಿ ಅರ್ಧ ಮಾಹಿತಿ ಮಾತ್ರ ಇದೆ. ಯಾರ ಮೇಲೆ, ಎಲ್ಲಿ ಎಂಬ ಇನ್ನರ್ಧವನ್ನು ಪಟ್ಟಿ ಮಾಡಿದವರು ಜಾಗದ ಉಳಿತಾಯಕ್ಕಾಗಿ ಕೈಬಿಟ್ಟಿರುತ್ತಾರೆ. ಅದನ್ನು ಮರಳಿ ಸೇರಿಸುವುದು ಓದುಗರ ಕೆಲಸ. ನ್ಯೂಜಿಲೆಂಡ್‌ನ ಆರು ಪಂದ್ಯಗಳನ್ನು ಹೀಗೆ ಬರೆದುಕೊಂಡೆವೆನ್ನಿ:

ಗೆ – ದಕ್ಷಿಣ ಆಫ್ರಿಕಾ, ಮೌಂಟ್ ಮಾಂಗನುಯಿ, 281 ರನ್
ಗೆ – ದಕ್ಷಿಣ ಆಫ್ರಿಕಾ, ಹ್ಯಾಮಿಲ್ಟನ್, 7 ವಿಕೆಟ್
ಸೋ – ಆಸ್ಟ್ರೇಲಿಯಾ, ವೆಲಿಂಗ್ಟನ್, 172 ರನ್
ಸೋ – ಆಸ್ಟ್ರೇಲಿಯಾ, ಕ್ರೈಸ್ಟ್‌ಚರ್ಚ್, 3 ವಿಕೆಟ್
ಸೋ – ಶ್ರೀಲಂಕಾ, ಗಾಲೆ, 63 ರನ್
ಸೋ – ಶ್ರೀಲಂಕಾ, ಗಾಲೆ, ಇನಿಂಗ್ಸ್ ಮತ್ತು 154 ರನ್

ಮೇಲಿನ ಎರಡು ಗೆಲುವುಗಳಿಂದ ಆರಂಭಿಸೋಣ, ಏಕೆಂದರೆ ಎದುರಾಳಿಯ ಬಲವನ್ನು ಲೆಕ್ಕಿಸದಿದ್ದರೆ ಪಟ್ಟಿ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ 1932ರಿಂದ ಟೆಸ್ಟ್ ಆಡುತ್ತಿದ್ದರೂ 2024ರ ಫೆಬ್ರವರಿಯ ತನಕ ನ್ಯೂಜಿಲೆಂಡ್ ಆ ದೇಶದ ವಿರುದ್ಧ ಒಂದೂ ಟೆಸ್ಟ್ ಸರಣಿಯನ್ನು ಗೆದ್ದಿರಲಿಲ್ಲ. ಮುಖಾಮುಖಿ ದಾಖಲೆಯನ್ನು ನಂಬಿದವರು ಆ ಸರಣಿಯನ್ನು ದಕ್ಷಿಣ ಆಫ್ರಿಕಾದ ಕಡೆಗೇ ಎಣಿಸಬೇಕಿತ್ತು. ಆದರೆ ಅದೇ ಸಮಯದಲ್ಲಿ ದಕ್ಷಿಣ ಆಫ್ರಿಕಾದ ಸ್ವಂತ ಟಿ20 ಲೀಗ್ ನಡೆಯುತ್ತಿದ್ದುದರಿಂದ ಪ್ರಮುಖ ಆಟಗಾರರೆಲ್ಲ ಅಲ್ಲೇ ಉಳಿದರು. ನ್ಯೂಜಿಲೆಂಡ್‌ಗೆ ಹೊರಟ 14 ಮಂದಿಯಲ್ಲಿ 7 ಮಂದಿ ಅದುವರೆಗೆ ಒಂದೂ ಟೆಸ್ಟ್ ಆಡಿದವರಲ್ಲ; ನಾಯಕ ನೀಲ್ ಬ್ರ್ಯಾಂಡ್ ತಮ್ಮ ಮೊದಲ ಟೆಸ್ಟ್‌ನಲ್ಲೇ ತಂಡವನ್ನು ಮುನ್ನಡೆಸಿದರು. ದಾಖಲೆ ಪುಸ್ತಕದಲ್ಲಿ ಅದು ತೊಂಬತ್ತೆರಡು ವರ್ಷಗಳ ಕಾಯುವಿಕೆಯ ನಂತರದ ಐತಿಹಾಸಿಕ ಸರಣಿ ಜಯ. ತಂಡದ ಬಲವನ್ನು ಅಳೆಯುವವರ ಪಾಲಿಗೆ ಅದರಿಂದ ಸಿಗುವ ಮಾಹಿತಿ ಬಹಳ ಕಡಿಮೆ.

ಕೆಳಗಿನ ನಾಲ್ಕು ಸೋಲುಗಳಿಗೂ ಇದೇ ಪರೀಕ್ಷೆ ಮಾಡೋಣ. ಆಗ ಆಸ್ಟ್ರೇಲಿಯಾ ವಿಶ್ವ ಟೆಸ್ಟ್ ಚಾಂಪಿಯನ್ ಆಗಿತ್ತು, ಮತ್ತು ನ್ಯೂಜಿಲೆಂಡ್ ಅದನ್ನು ತವರಿನಲ್ಲಿ 1993ರ ನಂತರ ಸೋಲಿಸಿರಲಿಲ್ಲ. ಕ್ರೈಸ್ಟ್‌ಚರ್ಚ್‌ನಲ್ಲಿ 279 ರನ್ ಬೆನ್ನಟ್ಟಿದ್ದ ಆಸ್ಟ್ರೇಲಿಯಾ 80 ರನ್‌ಗೆ ಐದು ವಿಕೆಟ್ ಕಳೆದುಕೊಂಡ ನಂತರ ಅಲೆಕ್ಸ್ ಕ್ಯಾರಿಯ ಅಜೇಯ 98ರಿಂದ ಪಾರಾಯಿತು. ಗಾಲೆಯಲ್ಲಿ ನ್ಯೂಜಿಲೆಂಡ್ ಅದಕ್ಕೂ ಮೊದಲು ಆಡಿದ್ದ ನಾಲ್ಕೂ ಟೆಸ್ಟ್‌ಗಳನ್ನು ಸೋತಿತ್ತು. ಈ ಸಲದ ಮೊದಲ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಪಡೆದೂ ಸೋತಿತು. ಎರಡನೆಯದರಲ್ಲಿ ಮಾತ್ರ 88 ರನ್‌ಗೆ ಕುಸಿದು ಹೀನಾಯವಾಗಿ ಸೋತಿತು. ಅದಕ್ಕೆ ಯಾವ ಸಮಜಾಯಿಷಿಯೂ ಬೇಡ. ಹಾಗಾಗಿ ಒಂದೇ ಆಕಾರದ ನಾಲ್ಕು ‘ಸೋ’ಗಳಲ್ಲಿ ಒಂದು ಹೆಚ್ಚುಕಡಿಮೆ ಗೆಲುವಿನ ಹತ್ತಿರ ಹೋಗಿತ್ತು, ಒಂದು ಪೂರ್ತಿ ಕುಸಿತವಾಗಿತ್ತು, ಇನ್ನೆರಡು ಬಲಾಬಲದ ಪ್ರಕಾರ ನಿರೀಕ್ಷಿತವೇ ಆಗಿದ್ದವು.

ಭಾರತದ ಆರು ಗೆಲುವುಗಳು ಎಲ್ಲವೂ ತವರಿನವು. ನಾಲ್ಕು ಇಂಗ್ಲೆಂಡ್ ಮೇಲೆ, ಎರಡು ಬಾಂಗ್ಲಾದೇಶದ ಮೇಲೆ. ಇಲ್ಲಿ ಕಿಟಕಿಯ ಚೌಕಟ್ಟನ್ನೂ ಗಮನಿಸಬೇಕು. ಪಟ್ಟಿ ಆರು ಪಂದ್ಯಗಳ ಬದಲು ಏಳನ್ನು ತೋರಿಸಿದ್ದರೆ ಮೊದಲ ಅಕ್ಷರ ‘ಸೋ’ ಆಗುತ್ತಿತ್ತು, ಏಕೆಂದರೆ ಇಂಗ್ಲೆಂಡ್ ವಿರುದ್ಧದ ಸರಣಿಯ ಆರಂಭದಲ್ಲಿ ಹೈದರಾಬಾದಿನಲ್ಲಿ ಭಾರತ ಸೋತಿತ್ತು. ಆ ಕಡೆ ನ್ಯೂಜಿಲೆಂಡ್‌ಗೆ ಏಳನೆಯ ಅಕ್ಷರವಾಗಿ ಬಾಂಗ್ಲಾದೇಶದ ಮೀರ್‌ಪುರದ ಗೆಲುವೊಂದು ಸಿಗುತ್ತಿತ್ತು. ಐದೋ ಆರೋ ಎಂಬ ಮಿತಿಗೆ ಪರದೆಯ ಅಗಲದ ಹೊರತು ಬೇರೆ ಕಾರಣವಿರುವುದಿಲ್ಲ.

ಬಾಂಗ್ಲಾದೇಶದ ಕಥೆ ಇನ್ನೂ ಒಂದು ಮೆಟ್ಟಿಲು ಕೆಳಗೆ ಕರೆದೊಯ್ಯುತ್ತದೆ. ಅದು ಭಾರತಕ್ಕೆ ಬಂದಾಗ ಅದರ ಫಾರ್ಮ್ ಪಟ್ಟಿಯ ತುದಿಯಲ್ಲಿ ‘ಗೆ ಗೆ’ ಎಂದಿತ್ತು. ಕೆಲವೇ ವಾರಗಳ ಹಿಂದೆ ರಾವಲ್ಪಿಂಡಿಯಲ್ಲಿ ಪಾಕಿಸ್ತಾನವನ್ನು 2–0ರಿಂದ ಸೋಲಿಸಿ ಬಂದಿತ್ತು. ಒಳ್ಳೆಯ ಲಯದಲ್ಲಿರುವ ತಂಡವನ್ನು ಸೋಲಿಸಿದ್ದರಿಂದ ಭಾರತದ ಗೆಲುವಿಗೆ ಹೆಚ್ಚಿನ ತೂಕ ಕೊಡಬೇಕು ಎನ್ನಿಸಬಹುದು. ಆದರೆ ಆ ಪಾಕಿಸ್ತಾನ 2021ರ ಫೆಬ್ರವರಿಯ ನಂತರ ತವರಿನಲ್ಲಿ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಎದುರಾಳಿಯ ಬಲವನ್ನು ಎದುರಾಳಿಯ ಫಾರ್ಮ್ ಪಟ್ಟಿಯಿಂದಲೇ ಅಳೆಯಲು ಹೊರಟರೆ ಮೊದಲಿದ್ದ ದೋಷ ಒಂದು ಮೆಟ್ಟಿಲು ಕೆಳಕ್ಕೆ ಜಾರುತ್ತದೆಯೇ ಹೊರತು ಹೋಗುವುದಿಲ್ಲ. ಹಾಗಾಗಿ ಎದುರಾಳಿಯ ಬಲಕ್ಕೆ ಹೆಚ್ಚು ಉದ್ದದ ಅವಧಿಯನ್ನು, ಕನಿಷ್ಠ ಎರಡು ಮೂರು ವರ್ಷಗಳ ಫಲಿತಾಂಶಗಳನ್ನು ನೋಡುವುದು ಕ್ಷೇಮ.

ನಾಲ್ಕನೆಯ ಹಂತ: ಮೊದಲು ನಿರೀಕ್ಷೆಯನ್ನು ಬರೆದು, ಆಮೇಲೆ ಫಲಿತಾಂಶವನ್ನು ಕಳೆಯಿರಿ

ಇಷ್ಟರ ತನಕ ಮಾಡಿದ್ದು ವಿವರಣೆ. ವಿವರಣೆಯಲ್ಲಿ ಒಂದು ಅಪಾಯವಿದೆ: ನಮಗಿಷ್ಟವಾದ ತಂಡದ ಸೋಲಿಗೆ ಕಾರಣಗಳು ಧಾರಾಳವಾಗಿ ಹೊಳೆಯುತ್ತವೆ, ಎದುರಾಳಿಯ ಸೋಲಿಗೆ ಹೊಳೆಯುವುದಿಲ್ಲ. ಅದನ್ನು ತಡೆಯಲು ಸಣ್ಣದೊಂದು ಲೆಕ್ಕ ಸಾಕು. ಪ್ರತಿ ಪಂದ್ಯಕ್ಕೂ, ಅದರ ಫಲಿತಾಂಶವನ್ನು ಮುಚ್ಚಿಟ್ಟು, ಸ್ಥಳ ಮತ್ತು ಎದುರಾಳಿಯನ್ನು ಮಾತ್ರ ನೋಡಿ, ಆ ತಂಡ ಗೆಲ್ಲುವ ನಿರೀಕ್ಷೆಯನ್ನು ಸೊನ್ನೆಯಿಂದ ಒಂದರೊಳಗಿನ ಸಂಖ್ಯೆಯಾಗಿ ಬರೆಯಬೇಕು. ಎಲ್ಲವನ್ನೂ ಕೂಡಿಸಿ, ನಿಜವಾಗಿ ಬಂದ ಗೆಲುವುಗಳಿಂದ ಕಳೆಯಬೇಕು. ಉಳಿಯುವುದೇ ಆ ಪಟ್ಟಿಯಲ್ಲಿರುವ ನಿಜವಾದ ಸುದ್ದಿ.

ನಿರೀಕ್ಷೆಯನ್ನು ಗಾಳಿಯಿಂದ ಹಿಡಿಯಬಾರದು; ಸಾಧ್ಯವಾದಲ್ಲೆಲ್ಲ ಉದ್ದದ ದಾಖಲೆಯಿಂದ ತೆಗೆಯಬೇಕು. 2013ರ ಆರಂಭದಿಂದ ಬಾಂಗ್ಲಾದೇಶ ಸರಣಿಯ ಕೊನೆಯ ತನಕ ಭಾರತ ತವರಿನಲ್ಲಿ 53 ಟೆಸ್ಟ್ ಆಡಿ 42 ಗೆದ್ದಿತ್ತು, 7 ಡ್ರಾ ಮಾಡಿಕೊಂಡಿತ್ತು, 4 ಮಾತ್ರ ಸೋತಿತ್ತು. ಅಂದರೆ ಐದರಲ್ಲಿ ನಾಲ್ಕು ಪಂದ್ಯಗಳನ್ನು ಅದು ಎದುರಾಳಿ ಯಾರೇ ಇರಲಿ ಗೆಲ್ಲುತ್ತಿತ್ತು. ಹಾಗಾಗಿ ಇಂಗ್ಲೆಂಡ್ ವಿರುದ್ಧದ ನಾಲ್ಕಕ್ಕೆ ತಲಾ 0.8 ಕೊಡೋಣ. ಬಾಂಗ್ಲಾದೇಶದ ವಿರುದ್ಧ ಭಾರತ ಟೆಸ್ಟ್‌ನಲ್ಲಿ ಎಂದೂ ಸೋತಿಲ್ಲವಾದ್ದರಿಂದ ಅವೆರಡಕ್ಕೆ ತಲಾ 0.95 ಇರಲಿ. ಒಟ್ಟು ನಿರೀಕ್ಷೆ 3.2 ಮತ್ತು 1.9 ಸೇರಿ 5.1. ಬಂದದ್ದು 6. ಹೆಚ್ಚುವರಿ 0.9.

ನ್ಯೂಜಿಲೆಂಡ್‌ಗೆ ದಕ್ಷಿಣ ಆಫ್ರಿಕಾದ ಎರಡನೇ ದರ್ಜೆಯ ತಂಡದ ವಿರುದ್ಧ ತವರಿನಲ್ಲಿ ತಲಾ 0.9 ಕೊಡೋಣ. ಆಸ್ಟ್ರೇಲಿಯಾ ವಿರುದ್ಧದ ಎರಡಕ್ಕೂ ಗಾಲೆಯ ಎರಡಕ್ಕೂ, ಮೇಲೆ ಹೇಳಿದ ಹಿನ್ನೆಲೆಯಲ್ಲಿ, ತಲಾ 0.3 ಇರಲಿ, ಅದೇ ಧಾರಾಳವಾಯಿತು ಎನ್ನುವವರೂ ಇರಬಹುದು. ಒಟ್ಟು 1.8 ಮತ್ತು 1.2 ಸೇರಿ 3. ಬಂದದ್ದು 2. ಕೊರತೆ 1.

ಈಗ ಎರಡು ಪಟ್ಟಿಗಳನ್ನು ಹೋಲಿಸಿ. ಅಕ್ಷರಗಳನ್ನಷ್ಟೇ ಎಣಿಸಿದಾಗ ತಂಡಗಳ ನಡುವಿನ ಅಂತರ ಆರು ಪಂದ್ಯಗಳಲ್ಲಿ ನಾಲ್ಕು ಗೆಲುವಿನಷ್ಟಿತ್ತು. ಎದುರಾಳಿಯನ್ನೂ ಸ್ಥಳವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದು 1.9ಕ್ಕೆ, ಅಂದರೆ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಭಾರತ ತನ್ನ ಎಂದಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಆಡುತ್ತಿತ್ತು, ನ್ಯೂಜಿಲೆಂಡ್ ಸ್ವಲ್ಪ ಕೆಳಗೆ ಆಡುತ್ತಿತ್ತು. ಪಟ್ಟಿ ಹೇಳಿದ್ದು ಇಷ್ಟೇ.

ಈ ಲೆಕ್ಕದ ಮಿತಿಯನ್ನೂ ಅಲ್ಲೇ ಬರೆದುಕೊಳ್ಳಬೇಕು. ನನ್ನ 0.3 ನಿಮಗೆ 0.4 ಎನ್ನಿಸಿದರೆ ನ್ಯೂಜಿಲೆಂಡ್‌ನ ಕೊರತೆ 1ರಿಂದ 1.4ಕ್ಕೆ ಏರುತ್ತದೆ, 0.2 ಎನ್ನಿಸಿದರೆ 0.6ಕ್ಕೆ ಇಳಿಯುತ್ತದೆ. ಅಂದರೆ ಹತ್ತನೇ ಒಂದರಷ್ಟು ಊಹೆಯ ವ್ಯತ್ಯಾಸಕ್ಕೆ ಉತ್ತರ ಇಷ್ಟೊಂದು ಅಲುಗಾಡುತ್ತದೆ. ಆದ್ದರಿಂದ ಈ ಲೆಕ್ಕದ ಉತ್ತರವನ್ನು ‘ಸ್ವಲ್ಪ’, ‘ಗಣನೀಯ’, ‘ಭಾರಿ’ ಎಂಬ ಮೂರು ಮಾತುಗಳಲ್ಲಿ ಓದಬೇಕೇ ವಿನಾ ದಶಮಾಂಶಗಳಲ್ಲಿ ಅಲ್ಲ. ಆರು ಪಂದ್ಯಗಳಿಂದ ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಯಾವ ವಿಧಾನವೂ ಹಿಂಡಿ ತೆಗೆಯಲಾರದು.

ಸಿದ್ಧವಾದ ಶ್ರೇಯಾಂಕಪಟ್ಟಿ ಇರುವಾಗ ಇಷ್ಟೆಲ್ಲ ಕಷ್ಟ ಏಕೆ ಎಂದು ಕೇಳಬಹುದು. ಆ ಸಮಯದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಪಟ್ಟಿಯಲ್ಲಿ ಭಾರತ ಶೇ 74.24ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ನ್ಯೂಜಿಲೆಂಡ್ ಶೇ 37.50ರಲ್ಲಿತ್ತು. ಈ ಶೇಕಡಾವಾರು ಬರುವ ಬಗೆಯನ್ನು ನೋಡಿ. ಗೆಲುವಿಗೆ 12, ಡ್ರಾಕ್ಕೆ 4 ಅಂಕ. ಪಡೆದ ಅಂಕಗಳನ್ನು ಪಡೆಯಬಹುದಾಗಿದ್ದ ಅಂಕಗಳಿಂದ ಭಾಗಿಸುತ್ತಾರೆ. ನ್ಯೂಜಿಲೆಂಡ್ 8 ಪಂದ್ಯಗಳಲ್ಲಿ 3 ಗೆದ್ದು 96ರಲ್ಲಿ 36 ಪಡೆದಿತ್ತು. ಎದುರಾಳಿ ಆಸ್ಟ್ರೇಲಿಯಾವೋ, ದಕ್ಷಿಣ ಆಫ್ರಿಕಾದ ಹೊಸಬರ ತಂಡವೋ ಎಂಬುದಕ್ಕೆ ಈ ಸೂತ್ರದಲ್ಲಿ ಜಾಗವಿಲ್ಲ. ಜೊತೆಗೆ ಎಲ್ಲ ತಂಡಗಳೂ ಎಲ್ಲರೊಂದಿಗೆ ಆಡುವುದಿಲ್ಲ; ಎರಡು ವರ್ಷಗಳ ಆವೃತ್ತಿಯಲ್ಲಿ ಪ್ರತಿ ತಂಡಕ್ಕೂ ಆರು ಸರಣಿಗಳು ಮಾತ್ರ. ಹಾಗಾಗಿ ಈ ಪಟ್ಟಿ ಉದ್ದವಾದ ಫಾರ್ಮ್ ಪಟ್ಟಿಯೇ ಹೊರತು ಅದರ ದೋಷಕ್ಕೆ ಔಷಧವಲ್ಲ. ಐಸಿಸಿ ಟೆಸ್ಟ್ ಶ್ರೇಯಾಂಕದ ಲೆಕ್ಕದಲ್ಲಿ ಎದುರಾಳಿಯ ರೇಟಿಂಗ್ ಸೇರಿರುತ್ತದೆ, ಆ ಮಟ್ಟಿಗೆ ಅದು ಮೇಲು. ಆದರೆ ಸ್ಥಳವನ್ನೂ ಮೈದಾನಕ್ಕಿಳಿದ ಹನ್ನೊಂದು ಮಂದಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಐದನೆಯ ಹಂತ: ಲೆಕ್ಕದ ಹೊರಗೆ ಉಳಿದದ್ದನ್ನು ಗುರುತಿಸಿ

ಬೆಂಗಳೂರಿನಲ್ಲಿ ಮೊದಲ ದಿನ ಮಳೆಗೆ ಹೋಯಿತು. ಹೊದಿಕೆಯ ಕೆಳಗಿದ್ದ ಪಿಚ್, ಮೋಡ ಕವಿದ ಆಕಾಶ. ಟಾಸ್ ಗೆದ್ದ ರೋಹಿತ್ ಶರ್ಮ ಬ್ಯಾಟಿಂಗ್ ಆರಿಸಿಕೊಂಡರು. ಭಾರತ 46ಕ್ಕೆ ಆಲೌಟ್ ಆಯಿತು. ತವರಿನಲ್ಲಿ ಅದು ಭಾರತದ ಕನಿಷ್ಠ ಮೊತ್ತ. ಐವರು ಸೊನ್ನೆಗೆ ಔಟಾದರು. ಮ್ಯಾಟ್ ಹೆನ್ರಿ 15 ರನ್‌ಗೆ ಐದು ವಿಕೆಟ್ ಪಡೆದರು. ಪಿಚ್ಚನ್ನು ತಪ್ಪಾಗಿ ಅಂದಾಜಿಸಿದೆ ಎಂದು ರೋಹಿತ್ ನಂತರ ಒಪ್ಪಿಕೊಂಡರು. ಬೆಂಗಳೂರು ಮೂಲದ ಕುಟುಂಬದ ರಚಿನ್ ರವೀಂದ್ರ 134 ಹೊಡೆದು ನ್ಯೂಜಿಲೆಂಡ್ ಮೊತ್ತವನ್ನು 402ಕ್ಕೆ ಒಯ್ದರು. ಎರಡನೇ ಇನಿಂಗ್ಸ್‌ನಲ್ಲಿ ಭಾರತ 462 ಗಳಿಸಿದರೂ ಎಂಟು ವಿಕೆಟ್‌ಗಳಿಂದ ಸೋತಿತು.

ಯಾವ ಪಟ್ಟಿಯನ್ನು ಎಷ್ಟು ಸೂಕ್ಷ್ಮವಾಗಿ ಓದಿದ್ದರೂ 46 ಕಾಣುತ್ತಿರಲಿಲ್ಲ. ಆದರೆ ಲೆಕ್ಕ ಮಾಡಿದ್ದವರಿಗೂ ಮಾಡದವರಿಗೂ ಒಂದು ವ್ಯತ್ಯಾಸವಿತ್ತು. ಅಕ್ಷರಗಳನ್ನು ನಂಬಿದವರಿಗೆ ಇದು ಅಸಾಧ್ಯವೊಂದು ಘಟಿಸಿದಂತೆ. 53ರಲ್ಲಿ 42 ಎಂಬುದನ್ನು ಎದುರಿಗಿಟ್ಟುಕೊಂಡವರಿಗೆ ಐದರಲ್ಲಿ ಒಂದು ಸಲ ಗೆಲುವು ತಪ್ಪುತ್ತಲೇ ಬಂದಿದೆ ಎಂಬುದು ಮೊದಲೇ ತಿಳಿದಿತ್ತು. ಪುಣೆಯ ಸೋಲು ಅದಕ್ಕಿಂತ ಗಂಭೀರವಾದ ಸಂಗತಿ, ಏಕೆಂದರೆ ಅಲ್ಲಿ ಮೋಡವಿರಲಿಲ್ಲ. ಸ್ಪಿನ್ನಿಗೆ ನೆರವಾಗುವ ಪಿಚ್ಚಿನಲ್ಲಿ, ಅದುವರೆಗೆ ಟೆಸ್ಟ್ ಇನಿಂಗ್ಸ್‌ವೊಂದರಲ್ಲಿ ಐದು ವಿಕೆಟ್ ಪಡೆದಿರದ ಮಿಚೆಲ್ ಸ್ಯಾಂಟ್ನರ್ ಪಂದ್ಯದಲ್ಲಿ 13 ವಿಕೆಟ್ ಪಡೆದರು. ಭಾರತ 113 ರನ್‌ಗಳಿಂದ ಸೋತಿತು. ಮುಂಬೈಯಲ್ಲಿ ಅಜಾಜ್ ಪಟೇಲ್ 11 ವಿಕೆಟ್ ಪಡೆದು ಸೋಲಿನ ಅಂತರ 25 ರನ್ ಆಯಿತು.

ಆರನೆಯ ಹಂತ: ಹೊಸ ಪಟ್ಟಿಗೂ ಅದೇ ಪರೀಕ್ಷೆ

ಕಷ್ಟಪಟ್ಟು ಕಲಿತ ಎಚ್ಚರವನ್ನು ಜನ ಬಿಟ್ಟುಬಿಡುವುದು ಇಂಥ ಹೊತ್ತಿನಲ್ಲಿ. ನವೆಂಬರ್ ಮೊದಲ ವಾರದಲ್ಲಿ ಪಟ್ಟಿಗಳು ಅದಲು ಬದಲಾಗಿದ್ದವು: ಭಾರತಕ್ಕೆ ‘ಸೋ ಸೋ ಸೋ’, ನ್ಯೂಜಿಲೆಂಡ್‌ಗೆ ‘ಗೆ ಗೆ ಗೆ’. ಈ ಸಲ ನಮ್ಮ ಲೆಕ್ಕವೂ ಅದನ್ನೇ ಹೇಳುತ್ತದೆ. ಭಾರತದಲ್ಲಿ ಗೆಲ್ಲಲು ನ್ಯೂಜಿಲೆಂಡ್‌ಗೆ ತಲಾ 0.1 ನಿರೀಕ್ಷೆ ಇಟ್ಟರೆ ಮೂರು ಪಂದ್ಯಗಳ ಹೆಚ್ಚುವರಿ 2.7. ಇದನ್ನು ‘ಭಾರಿ’ ಎಂದೇ ಓದಬೇಕು. ಭಾರತದ ಕೊರತೆ 2.4. ಹಾಗಾದರೆ ಮುಂದಿನ ಪಂದ್ಯಗಳಿಗೆ ಇದನ್ನು ಹಾಗೆಯೇ ಹೊತ್ತುಕೊಂಡು ಹೋಗಬಹುದೇ?

ಹೋಗುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಮುಂದಿನ ಪಂದ್ಯ ಎಲ್ಲಿ, ಮತ್ತು ಈ ಅಕ್ಷರಗಳನ್ನು ಗಳಿಸಿಕೊಟ್ಟವರು ಅಲ್ಲಿ ಆಡುತ್ತಾರೆಯೇ? ನ್ಯೂಜಿಲೆಂಡ್‌ನ ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚ್‌ನಲ್ಲಿ, ಇಂಗ್ಲೆಂಡ್ ವಿರುದ್ಧ. ಪುಣೆಯನ್ನು ಗೆದ್ದುಕೊಟ್ಟ ಸ್ಯಾಂಟ್ನರ್ ಆ ಹನ್ನೊಂದರಲ್ಲಿ ಇರಲಿಲ್ಲ, ಮುಂಬೈಯನ್ನು ಗೆದ್ದುಕೊಟ್ಟ ಅಜಾಜ್ ಪಟೇಲ್ ತಂಡದಲ್ಲೇ ಇರಲಿಲ್ಲ. ಭಾರತದ ಮುಂದಿನ ಟೆಸ್ಟ್ ಪರ್ತ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ. ಮುಂಬೈಯ ಆ ಕೊನೆಯ ‘ಸೋ’ ಬಂದ ಪಂದ್ಯದಲ್ಲಿ ಅನಾರೋಗ್ಯದಿಂದ ಆಡದಿದ್ದ ಜಸ್‌ಪ್ರೀತ್ ಬೂಮ್ರಾ ಪರ್ತ್‌ನಲ್ಲಿ ತಂಡದ ನಾಯಕರಾಗಿದ್ದರು. ಮೂರರಲ್ಲಿ ಎರಡು ಸ್ಪಿನ್ ಪಿಚ್ಚುಗಳ ಮೇಲೆ ಬಂದಿದ್ದ ಈ ಅಕ್ಷರಗಳು ವೇಗದ ಬೌಲರ್‌ಗಳ ಪಿಚ್ಚಿಗೆ ಎಷ್ಟು ಅನ್ವಯಿಸುತ್ತವೆ ಎಂಬ ಪ್ರಶ್ನೆಗೆ 2.7 ಎಂಬ ಸಂಖ್ಯೆಯಲ್ಲಿ ಉತ್ತರವಿರಲಿಲ್ಲ.

ನವೆಂಬರ್ 22ರಂದು ಆರಂಭವಾದ ಪರ್ತ್ ಟೆಸ್ಟ್‌ನಲ್ಲಿ ಭಾರತ ಮೊದಲ ಇನಿಂಗ್ಸ್‌ನಲ್ಲಿ 150ಕ್ಕೆ ಔಟಾಯಿತು; ಬೂಮ್ರಾ 30 ರನ್‌ಗೆ ಐದು ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 104ಕ್ಕೆ ಉರುಳಿಸಿದರು; ಕೊನೆಗೆ ಭಾರತ 295 ರನ್‌ಗಳಿಂದ ಗೆದ್ದಿತು. ಅದಾಗಿ ಒಂದು ವಾರದೊಳಗೆ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಸೋತಿತು. ಆಮೇಲೆ ಭಾರತ ಆ ಸರಣಿಯನ್ನು 3–1ರಿಂದ ಸೋತಿತು, ನ್ಯೂಜಿಲೆಂಡ್ ತನ್ನ ಸರಣಿಯನ್ನು 2–1ರಿಂದ ಕಳೆದುಕೊಂಡರೂ ಹ್ಯಾಮಿಲ್ಟನ್‌ನ ಕೊನೆಯ ಪಂದ್ಯವನ್ನು 423 ರನ್‌ಗಳಿಂದ ಗೆದ್ದಿತು. ಆ ಪಂದ್ಯದಲ್ಲಿ ಸ್ಯಾಂಟ್ನರ್ ಮರಳಿ ಆಡಿದ್ದರು.